ನಿಮಗೆ ಅನುಕೂಲವಾದಾಗ

ಆಫೀಸಿನಲ್ಲಿ ಅವಳಿಗೆ ಒಕ್ಕಣೆಯಮ್ಮ ಎಂದು ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಆದರೆ ಅವಳಿಗೆ ಗೊತ್ತಿಲ್ಲದ್ದೇನೂ ಅಲ್ಲ. ಒಳಗೊಳಗೇ ಅದೊಂದು ಬಿರುದು ಎಂದೇ ತಿಳಿದುಕೊಂಡಿದ್ದಳು. ನೀರೆತ್ತುವ ಪಂಪು ಮಾಡುವ ಕಂಪನಿ ಅದು. ಪಂಪು ಮಾರುವ ಅರವತ್ತೆರಡು ಅಂಗಡಿಗಳಿಗೆ ಕನ್ನಡದಲ್ಲಿ ಹೋಗುವ ಪ್ರತಿ ಪತ್ರದ ಒಕ್ಕಣೆಯೂ, ಮೊದಲಿಂದ ಕೊನೆಯ ತನಕದ ಮಾತೆಲ್ಲ, ಇಪ್ಪತ್ತೊಂಬತ್ತು ವರ್ಷದಿಂದ ಅವಳದೇ. ಟೈಪಿಸ್ಟ್ ಆಗಿ ಬಂದವಳು, ಬೆರಳಿಗಿಂತ ತಲೆ ಚುರುಕು ಎಂದು ಪತ್ರವ್ಯವಹಾರಕ್ಕೆ ಹಾಕಿದರು. ಅಲ್ಲಿಗೆ ಬಂದವಳು ಅಲ್ಲೇ ಬೇರು ಬಿಟ್ಟಳು.

ಅವಳ ಅಪ್ಪ ಅಂಚೆಯವನು. ಓದಲು ಬಾರದವರ ಜಗುಲಿಯ ಮೇಲೆ ಕೂತು ಪತ್ರ ಓದಿ ಹೇಳಿಯೇ ಮುಂದಿನ ಮನೆಗೆ ಹೋಗುತ್ತಿದ್ದ. ಪತ್ರ ಅಂದರೆ ಮನೆಮಂದಿಯೆಲ್ಲ ಕಿವಿಗೊಟ್ಟು ಕೇಳುವ ಮಾತು ಎಂಬುದು ಅವಳಿಗೆ ಅಲ್ಲಿಂದ ಬಂದ ಪಾಠ. ಹೆಡ್ಡಾಫೀಸಿನಿಂದ ಇಂಗ್ಲಿಷ್ ಪತ್ರ ಬಂದರೆ ಎರಡು ಸಲ ಓದುತ್ತಿದ್ದಳು. ಆಮೇಲೆ ಅದನ್ನು ಮೇಜಿನ ಮೇಲೆ ಬೋರಲು ಹಾಕಿ, ಯಾರಿಗೆ, ಏನು ಬೇಕಂತೆ, ಯಾವತ್ತಿನೊಳಗೆ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಉತ್ತರ ಸಿಗದಿದ್ದರೆ ಮ್ಯಾನೇಜರನ್ನು ಕೇಳುತ್ತಿದ್ದಳು. ಕನ್ನಡ ಬರೆಯಲು ಕೂರುವುದು ಅದಾದ ಮೇಲೆ. ಅವಳ ಪತ್ರ ಒಂದು ಪುಟ ದಾಟಿದ್ದು ಕಡಿಮೆ.

ಕಂಪನಿ ಕೈ ಬದಲಾಯಿತು. ಹೊಸ ಮಾಲೀಕರ ಜೊತೆ ಹೊಸ ಮ್ಯಾನೇಜರ್ ಬಂದ, ಹೊಸ ಮ್ಯಾನೇಜರ್ ಜೊತೆ ಹೊಸ ಕಾಯಿದೆ ಬಂತು. ಇಂಗ್ಲಿಷಿನಲ್ಲಿ ಎಷ್ಟು ವಾಕ್ಯವೋ ಕನ್ನಡದಲ್ಲೂ ಅಷ್ಟೇ ವಾಕ್ಯ, ಸಾಲಿಗೆ ಸಾಲು ತಾಳೆಯಾಗಬೇಕು.

"ನಿಮ್ಮ ಪತ್ರದಲ್ಲಿ ಅರ್ಧ ವಾಕ್ಯಗಳೇ ಇರಲ್ವಲ್ಲಮ್ಮ," ಎಂದ ಮ್ಯಾನೇಜರ್. "ಇಲ್ಲದ್ದು ಬೇರೆ ಸೇರ್ಕೊಂಡಿರತ್ತೆ."

"ಅರ್ಥ ಪೂರ್ತಿ ಇರತ್ತೆ ಸಾರ್."

"ಅರ್ಥ ನಾನು ಹೇಗೆ ಎಣಿಸ್ಲಿ? ವಾಕ್ಯ ಎಣಿಸ್ಬಹುದು."

ಮರುವಾರವೇ ಹೊಸ ಹುಡುಗಿ ಬಂದಳು. ಇಪ್ಪತ್ತನಾಲ್ಕು ವರ್ಷ, ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಮನೆಮಾತು ಕನ್ನಡ. ಒಕ್ಕಣೆಯಮ್ಮ ಅರ್ಧ ದಿನ ಕೂರುವ ಪತ್ರವನ್ನು ಅವಳು ಚಹಾ ಆರುವುದರೊಳಗೆ ಮುಗಿಸುತ್ತಿದ್ದಳು. ಮ್ಯಾನೇಜರ್ ಬಾಯಿಂದ ದಿನಕ್ಕೆ ಮೂರು ಸಲ "ಭೇಷ್" ಬೀಳುತ್ತಿತ್ತು. ಕಿಟಕಿಯ ಪಕ್ಕದ ಮೇಜೂ ಹುಡುಗಿಗೇ ಹೋಯಿತು. ಆ ಮೇಜಿನ ಮೇಲೆ ಒಕ್ಕಣೆಯಮ್ಮನಿಗೆ ಎಷ್ಟೋ ವರ್ಷದಿಂದ ಕಣ್ಣಿತ್ತು, ಬಾಯಿಬಿಟ್ಟು ಕೇಳಿರಲಿಲ್ಲ ಅಷ್ಟೆ. ಹೊಟ್ಟೆಕಿಚ್ಚು ಅಂದರೆ ಗಾದೆಯಲ್ಲಿ ಬರುವ ಮಾತು ಎಂದುಕೊಂಡಿದ್ದಳು. ನಿಜವಾಗಿಯೂ ಹೊಟ್ಟೆಯಲ್ಲೇ ಉರಿಯುತ್ತದೆ ಎಂದು ಐವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು.

ಹುಡುಗಿ ಕೆಟ್ಟವಳಾಗಿದ್ದರೆ ಎಷ್ಟೋ ವಾಸಿ ಇತ್ತು. ಅವಳೋ "ಅಕ್ಕಾ" ಎಂದು ಹಿಂದೆ ಹಿಂದೆ ಸುತ್ತುತ್ತಿದ್ದಳು. "ಅಕ್ಕಾ, ತಿಂಡಿ ಆಯ್ತಾ? ಅಕ್ಕಾ, ಸೀರೆ ಎಷ್ಟು ಚೆನ್ನಾಗಿದೆ!" ಎನ್ನುವವಳ ಮೇಲೆ ಸಿಟ್ಟಾದರೂ ಹೇಗೆ ಮಾಡುವುದು? ಕಷ್ಟಪಟ್ಟು ಮಾಡುತ್ತಿದ್ದಳು.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ," ಎಂದ ಗಂಡ. ಅವನು ಗಡಿಯಾರ ರಿಪೇರಿಯವನು. ಊಟದ ತಟ್ಟೆಯಿಂದ ಮುಖ ಎತ್ತದೆಯೇ ಇಂಥ ಮಾತು ಹೇಳುವುದು ಅವನ ಅಭ್ಯಾಸ.

"ನಾನ್ಯಾಕೆ ಅವಳಿಗೆ ಅತ್ತೆ ಆಗ್ಲಿ?"

"ಆಗಿದೀಯಲ್ಲ. ಬಂದಾಗಿಂದ ಅವಳದೇ ಮಾತು. ಸಾರಿಗೆ ಉಪ್ಪು ಹಾಕೋದೂ ಮರೆತಿದೀಯ."

ಆ ತಿಂಗಳ ಮೊದಲ ವಾರ ಹೆಡ್ಡಾಫೀಸಿನಿಂದ ದೊಡ್ಡ ಪತ್ರ ಬಂತು. ಅರವತ್ತೆರಡು ಅಂಗಡಿಗಳ ಮಾರಾಟದ ಒಪ್ಪಂದ ಮುಗಿಯುವುದರಲ್ಲಿತ್ತು. ಮುಂದುವರಿಸಲು ಒಪ್ಪಿಗೆಯೇ ಎಂದು ಕೇಳುವ ಪತ್ರ. ಹುಡುಗಿ ಅದನ್ನು ಕನ್ನಡಕ್ಕೆ ಇಳಿಸಿ, ನೋಡಿ ಕಿರುಸಹಿ ಹಾಕಲೆಂದು ಒಕ್ಕಣೆಯಮ್ಮನ ಮುಂದೆ ಇಟ್ಟಳು. ಆ ಕಿರುಸಹಿ ಬಿದ್ದರೆ ಮಾತ್ರ ಪತ್ರ ಅಂಚೆಗೆ ಹೋಗುತ್ತಿತ್ತು.

ಒಕ್ಕಣೆಯಮ್ಮ ಓದಿದಳು. "ನಾವೆಲ್ಲರೂ ಒಂದೇ ಪುಟದಲ್ಲಿರಲು ಬಯಸುತ್ತೇವೆ. ಮುಂದೆ ಹೋಗುತ್ತಾ, ಹಡಗು ಹತ್ತಿದವರನ್ನು ಮಾತ್ರ ಪರಿಗಣಿಸಲಾಗುವುದು. ಚೆಂಡು ಈಗ ನಿಮ್ಮ ಅಂಗಳದಲ್ಲಿದೆ. ನಿಮಗೆ ಅನುಕೂಲವಾದ ಮೊದಲ ಸಮಯದಲ್ಲಿ ಉತ್ತರಿಸಿದರೆ ನಾವು ಮೆಚ್ಚುತ್ತೇವೆ."

ಇಂಗ್ಲಿಷ್ ನುಡಿಗಟ್ಟಿನ ಪುಟ, ಹಡಗು, ಚೆಂಡು ಹಾಗೇ ಕನ್ನಡಕ್ಕೆ ಇಳಿದದ್ದು ನೋಡಿ ನಗು ಬಂತು. ಕೊನೆಯ ಸಾಲು ನೋಡಿ ನಗು ನಿಂತಿತು. ಇಂಗ್ಲಿಷಿನವರು ಆ ಮಾತು ಬರೆದರೆ ಬೇಗ ಉತ್ತರ ಕೊಡಿ ಎಂದು ಅರ್ಥ, ಅವಸರವನ್ನು ಮರ್ಯಾದೆಯ ಬಟ್ಟೆಯಲ್ಲಿ ಸುತ್ತಿಕೊಟ್ಟಿರುತ್ತಾರೆ. ಅದನ್ನೇ ಪದಕ್ಕೆ ಪದ ಕನ್ನಡಕ್ಕೆ ತಂದರೆ ಅವಸರ ಅಲ್ಲೇ ಉಳಿದು ಬರೀ ಮರ್ಯಾದೆ ಬರುತ್ತದೆ. ಓದಿದವರು ನಿಧಾನವಾಗಿ ಹೇಳಿದರಾಯಿತು ಎಂದುಕೊಳ್ಳುತ್ತಾರೆ. ಕನ್ನಡದ ಕಚೇರಿ ಪತ್ರದಲ್ಲಿ ಅವಸರ ಇದ್ದರೆ ತಾರೀಖು ಇರಬೇಕು, ಆ "ಒಳಗೆ" ಎಂಬ ಮಾತು ಇರಬೇಕು. ತಿಂಗಳ ಕೊನೆಗೆ ಪಟ್ಟಿ ಮುಚ್ಚುತ್ತದೆ ಎಂದು ಹೆಡ್ಡಾಫೀಸು ಮ್ಯಾನೇಜರಿಗೆ ಬೇರೆಯೇ ಚೀಟಿಯಲ್ಲಿ ಬರೆದಿತ್ತು. ಆ ಚೀಟಿಯನ್ನು ಫೈಲಿಗೆ ಹಾಕಿದವಳು ಒಕ್ಕಣೆಯಮ್ಮನೇ. ಪತ್ರದಲ್ಲಿ ಅದರ ಸುಳಿವೇ ಇರಲಿಲ್ಲ.

"ಸರಿ ಇದೆಯಾ ಅಕ್ಕಾ?"

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಒಳಕೋಣೆಯಿಂದ ಮ್ಯಾನೇಜರ್ ಕೂಗಿದ, "ಆಗ್ಲೇ ಮುಗಿಸಿಬಿಟ್ಯಾ? ಭೇಷ್!" ಒಕ್ಕಣೆಯಮ್ಮನ ಹೊಟ್ಟೆ ಧಗ್ ಎಂದಿತು. ಹೋಗಲಿ, ಅಂಗಡಿಯವರೆಲ್ಲ ಬಿದ್ದು ಬಿದ್ದು ನಗಲಿ, ಆಗ ಗೊತ್ತಾಗುತ್ತದೆ ಇವರಿಗೆ ನಾನು ಯಾರು ಅಂತ. ಪೆನ್ನು ತೆಗೆದು ಕಿರುಸಹಿ ಹಾಕಿದಳು.

"ವಾಕ್ಯ ಸರಿಯಾಗಿ ತಾಳೆ ಆಗಿದೆ," ಎಂದಳು. ಅದು ಸುಳ್ಳೇನಲ್ಲ.

ಅಂಗಡಿಯವರು ನಕ್ಕರೋ ಇಲ್ಲವೋ, ಉತ್ತರವಂತೂ ಬರಲಿಲ್ಲ. ತಿಂಗಳು ಮುಗಿಯುವಾಗ ಬಂದಿದ್ದು ಒಂಬತ್ತು. ಒಂದನೇ ತಾರೀಖು ಹೆಡ್ಡಾಫೀಸಿನಿಂದ ಪಟ್ಟಿ ಬಂತು. ಉಳಿದ ಐವತ್ತಮೂರು ಅಂಗಡಿ ರದ್ದು, ಆ ಜಾಗಗಳಿಗೆ ಹೊಸಬರನ್ನು ಹುಡುಕಿ. ಹುಡುಗಿಗೆ ಯಾರೂ ಏನೂ ಅನ್ನಲಿಲ್ಲ. "ನಾವು ಬರೆದ್ವಿ, ಅವರು ಉತ್ತರ ಕೊಡ್ಲಿಲ್ಲ," ಎಂದು ಮ್ಯಾನೇಜರ್ ಕೈ ಕೊಡವಿಕೊಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಇದೊಂದು ಒಕ್ಕಣೆಯಮ್ಮನ ಲೆಕ್ಕದಲ್ಲಿ ಇರಲಿಲ್ಲ.

ಎರಡು ದಿನ ಬಿಟ್ಟು ಸೇತುವೆ ಪಕ್ಕದ ಅಂಗಡಿಯ ಅಜ್ಜ ಬಂದ. ಕಂಪನಿ ಹುಟ್ಟಿದಾಗಿನಿಂದ ಪಂಪು ಮಾರುತ್ತಿದ್ದವನು. ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಪತ್ರ ತೆಗೆದು ನೇರ ಒಕ್ಕಣೆಯಮ್ಮನ ಮುಂದೆ ಹರಡಿದ.

"ಅಂಗಡಿ ಬೋರ್ಡು ಇಳಿಸ್ಬೇಕಂತೆ, ಫೋನ್ ಬಂತು. ಯಾಕಮ್ಮ? ನಾನೇನು ತಪ್ಪು ಮಾಡ್ದೆ?"

"ನೀವು ಉತ್ತರ ಬರೀಲಿಲ್ಲ ಅಜ್ಜ."

"ಅನುಕೂಲ ಆದಾಗ ಬರೀರಿ ಅಂತ ನೀವೇ ಹೇಳಿದೀರಲ್ಲ. ಮಗಳ ಬಾಣಂತನ ಮುಗೀಲಿ, ಬರೆದ್ರಾಯ್ತು ಅಂತಿದ್ದೆ. ಎಷ್ಟು ಒಳ್ಳೆ ಮಾಲೀಕರು ಬಂದಿದಾರೆ, ಏನೂ ಆತುರ ಇಲ್ಲ ಅಂತ ಮನೇಲೆಲ್ಲ ಹೊಗಳಿದ್ದೆ ಕಣಮ್ಮ." ಬೆರಳನ್ನು ಮೇಲಿನ ಸಾಲಿಗೆ ಸರಿಸಿದ. "ಇದೊಂದು ಹಡಗು ಮಾತ್ರ ಅರ್ಥ ಆಗ್ಲಿಲ್ಲ. ಪಂಪ್ ಮಾರೋನು ಹಡಗು ಯಾಕೆ ಹತ್ಲಿ? ಮೊಮ್ಮಗ ಓದಿ ಓದಿ ನಕ್ಕ."

ಒಕ್ಕಣೆಯಮ್ಮನಿಗೆ ಅವನ ಮುಖ ನೋಡಲು ಆಗಲಿಲ್ಲ. ತನ್ನ ಮೂಗು ಕೊಯ್ದುಕೊಂಡು ಪರರಿಗೆ ಅಪಶಕುನ ಮಾಡಲು ಹೋಗಿ, ಕೊಯ್ದದ್ದು ಈ ಮುದುಕನ ಮೂಗು ಎಂದು ಈಗ ಕಂಡಿತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಪತ್ರ ಹಿಡಿದುಕೊಂಡೇ ಒಳಕೋಣೆಗೆ ಹೋದಳು. ಹುಡುಗಿ ಅಲ್ಲೇ ಫೈಲು ಹಿಡಿದು ನಿಂತಿದ್ದಳು.

"ಸಾರ್, ಇದರಲ್ಲಿ ಅಂಗಡಿಯವರ ತಪ್ಪಿಲ್ಲ. ನಾವು ಬೇಗ ಹೇಳಿ ಅಂತ ಕೇಳೇ ಇಲ್ಲ."

"ಇಂಗ್ಲಿಷಲ್ಲಿ ಏನಿದೆಯೋ ಅದೇ ಇದೆಯಲ್ಲಮ್ಮ ಕನ್ನಡದಲ್ಲಿ."

"ಮಾತು ಅದೇ. ಕೇಳಿಸೋದು ಬೇರೆ. ನಿಮ್ಮ ಮಾವ ನಿಮಗೆ 'ಅನುಕೂಲ ಆದಾಗ ಮನೆಗೆ ಬನ್ನಿ' ಅಂತ ಬರೆದ್ರೆ ನಾಳೆ ಬೆಳಿಗ್ಗೆ ಬಸ್ಸು ಹತ್ತೀರಾ?"

ಮ್ಯಾನೇಜರ್ ಪತ್ರ ಎಳೆದುಕೊಂಡು ಓದಿದ. ಬಹುಶಃ ಮೊದಲ ಸಲ, ಎಣಿಸದೆ ಓದಿದ. ಆಮೇಲೆ ಹುಡುಗಿಯ ಫೈಲಿನಿಂದ ಆಫೀಸು ಪ್ರತಿ ತೆಗೆದು ಮೂಲೆಯಲ್ಲಿದ್ದ ಕಿರುಸಹಿ ತೋರಿಸಿದ. "ಮತ್ತೆ ಇದು? ಆವತ್ತು ನಿಮಗೆ ಗೊತ್ತಾಗ್ಲಿಲ್ವಾ?"

ಗೊತ್ತಾಗಲಿಲ್ಲ ಎನ್ನಬಹುದಿತ್ತು. ಹಾಗಂದರೆ ಇಪ್ಪತ್ತೊಂಬತ್ತು ವರ್ಷದ ಒಕ್ಕಣೆ ಮಣ್ಣುಪಾಲು. ಗೊತ್ತಿತ್ತು ಅಂದರೆ ಮಾನ ಮಣ್ಣುಪಾಲು. ಹೊರಗೆ ಅಜ್ಜ ಕೆಮ್ಮುವುದು ಕೇಳಿಸುತ್ತಿತ್ತು.

"ಗೊತ್ತಿತ್ತು ಸಾರ್. ಹೊಟ್ಟೆಕಿಚ್ಚಿಗೆ ಬಿದ್ದು ಸುಮ್ಮನಿದ್ದೆ. ನನಗೆ ಏನು ಬೇಕಾದ್ರೂ ಮಾಡಿ, ಅವರಿಗೆ ಇನ್ನೊಂದು ಅವಕಾಶ ಕೊಡ್ಸಿ."

ಹುಡುಗಿ ತಲೆ ಎತ್ತಲಿಲ್ಲ. ಮ್ಯಾನೇಜರ್ ಬಯ್ಯುವಷ್ಟು ಬಯ್ದ, ಹೆಡ್ಡಾಫೀಸಿಗೆ ಫೋನು ಮಾಡಿದ. ಒಂದು ಗಂಟೆ ಗುದ್ದಾಡಿದ ಮೇಲೆ ಹನ್ನೆರಡನೇ ತಾರೀಖಿನ ತನಕ ಗಡುವು ಸಿಕ್ಕಿತು. ವಾಕ್ಯ ಎಣಿಸುವ ಕಾಯಿದೆ ಈ ಒಂದು ಪತ್ರಕ್ಕೆ ಬೇಡ ಎಂದ.

ಇಬ್ಬರೂ ಒಂದೇ ಮೇಜಿಗೆ ಕೂತರು. ಒಕ್ಕಣೆಯಮ್ಮ ಹೇಳಿದಳು, ಹುಡುಗಿ ಟೈಪು ಮಾಡಿದಳು. ಪುಟ ಹೋಯಿತು, ಹಡಗು ಹೋಯಿತು. ಚೆಂಡಿನ ಜಾಗದಲ್ಲಿ "ತೀರ್ಮಾನ ತಮಗೆ ಬಿಟ್ಟದ್ದು" ಎಂದು ಹಾಕೋಣ ಎಂದವಳು ಅದನ್ನೂ ಬಿಟ್ಟಳು, ಹೆದರಿಸಿದಂತೆ ಕೇಳುತ್ತದೆ ಎಂದು. ಉಳಿದದ್ದು ಇಷ್ಟು: "ಮಾನ್ಯರೇ, ಮಾರಾಟದ ಒಪ್ಪಂದವನ್ನು ಮುಂದುವರಿಸಲು ತಮ್ಮ ಒಪ್ಪಿಗೆ ಇದ್ದಲ್ಲಿ, ಇದರೊಂದಿಗೆ ಲಗತ್ತಿಸಿರುವ ನಮೂನೆಗೆ ಸಹಿ ಮಾಡಿ, ಇದೇ ತಿಂಗಳ ಹನ್ನೆರಡನೇ ತಾರೀಖಿನೊಳಗೆ ನಮಗೆ ತಲುಪುವಂತೆ ಕಳುಹಿಸಿಕೊಡಬೇಕಾಗಿ ಕೋರುತ್ತೇವೆ. ಆ ನಂತರ ಬಂದ ಒಪ್ಪಿಗೆಯನ್ನು ಪರಿಗಣಿಸಲು ಸಾಧ್ಯವಾಗುವುದಿಲ್ಲ."

ಹುಡುಗಿಯ ಬೆರಳು ನಿಂತಿತು. ಕೇಳದೆಯೇ ಇನ್ನೊಂದು ಸಾಲು ಹೊಡೆದಳು: "ಹಿಂದಿನ ಪತ್ರದಲ್ಲಿ ದಿನಾಂಕವನ್ನು ತಿಳಿಸದೆ ಇದ್ದುದಕ್ಕಾಗಿ ವಿಷಾದಿಸುತ್ತೇವೆ." ಚೊಕ್ಕ ಸಾಲು. ತನಗೆ ಯಾಕೆ ಹೊಳೆಯಲಿಲ್ಲ ಎಂದು ಒಕ್ಕಣೆಯಮ್ಮನಿಗೆ ಅಂಥ ಹೊತ್ತಿನಲ್ಲೂ ಹೊಟ್ಟೆ ಚುರ್ ಎಂದಿತು.

ಹನ್ನೆರಡರೊಳಗೆ ಐವತ್ತು ಒಪ್ಪಿಗೆ ಬಂದವು. ಅಜ್ಜ ಅಂಚೆಯನ್ನು ನಂಬದೆ ತಾನೇ ತಂದು ಕೊಟ್ಟ.

ಆಮೇಲಿನ ಸೋಮವಾರ ಹುಡುಗಿ ಹೊಸ ಪತ್ರವೊಂದನ್ನು ತಂದು, ಮೊದಲಿನಂತೆ ಪಕ್ಕಕ್ಕೆ ಬರದೆ ಮೇಜಿನ ಆಚೆ ಬದಿಯಲ್ಲೇ ನಿಂತಳು. ಒಕ್ಕಣೆಯಮ್ಮ ಓದಿದಳು. ತಾರೀಖು ಇತ್ತು, "ಒಳಗೆ" ಇತ್ತು, "ಕೋರುತ್ತೇವೆ" ಇತ್ತು, ಎಲ್ಲ ಅದರದರ ಜಾಗದಲ್ಲಿ. ಮೊಸರಿನಲ್ಲಿ ಕಲ್ಲು ಹುಡುಕುವಂತೆ ಮತ್ತೆ ಮೊದಲಿಂದ ಓದಿದಳು. ಒಂದೇ ಒಂದು ತಪ್ಪು ಸಿಕ್ಕಿದ್ದರೆ ಬಾರೇ ಇಲ್ಲಿ, ಕೂತ್ಕೋ ಎಂದು ಪಕ್ಕಕ್ಕೆ ಕರೆಯಬಹುದಿತ್ತು.

"ಏನಾದ್ರೂ ತಿದ್ಬೇಕಾ ಮೇಡಂ?" ಎಂದಳು ಹುಡುಗಿ.