ಎರಡು ನಿಮಿಷದ ಸ್ವಾಗತ

ಸಂಕ್ರಾಂತಿ ಕಳೆದು ಮೂರು ದಿನವಾಗಿತ್ತು. ಶಾಲೆಯಿಂದ ಬಂದು ಚಹಾಕ್ಕೆ ಇಟ್ಟಿದ್ದೆ, ಅಷ್ಟರಲ್ಲಿ ಮೊಬೈಲಿಗೆ ಒಂದು ಫೋಟೋ ಬಂತು. ಕಳಿಸಿದವಳು ಪುಣೆಯ ಕೋಥರೂಡದ ನಮ್ಮ ಸೊಸೈಟಿಯ ಮಹಿಳಾ ಮಂಡಳದ ಕಾರ್ಯದರ್ಶಿ. ಗೆರೆ ಹಾಳೆಯ ಮೇಲೆ ನೀಲಿ ಪೆನ್ನಿನಲ್ಲಿ ಬರೆದ ಮರಾಠಿ ಕಾರ್ಯಕ್ರಮ ಪಟ್ಟಿ ಅದು. ಕೆಳಗೆ, ಅತ್ತಿಗೆಯೆಂದು ಕರೆದು, ಅವಳು ಬರೆದ ಸಂದೇಶವಿತ್ತು: ವಹಿನಿ, ಈ ಸಲದ ಹಳದಿ-ಕುಂಕುಮಕ್ಕೆ ಮುಖ್ಯ ಅತಿಥಿಯಾಗಿ ಬರುವವರು ನಿಮ್ಮ ಧಾರವಾಡದ ಕಡೆಯವರು, ಮರಾಠಿ ಅಷ್ಟು ತಿಳಿಯುವುದಿಲ್ಲ, ನೀವು ಕನ್ನಡದಲ್ಲಿ ಎರಡು ನಿಮಿಷ ಸ್ವಾಗತ ಮಾಡಿ, ಬೇಕಾದದ್ದೆಲ್ಲ ಹಾಳೆಯಲ್ಲಿದೆ.

ನನಗೆ ಖುಷಿಯಾಯಿತು. ಇಪ್ಪತ್ತೆಂಟು ವರ್ಷ ಪುಣೆಯಲ್ಲಿದ್ದು, ಗಣಿತವನ್ನೂ ಮರಾಠಿಯಲ್ಲೇ ಕಲಿಸಿ, ಮೈಕಿನ ಮುಂದೆ ಒಮ್ಮೆಯೂ ಕನ್ನಡ ಮಾತಾಡಿದವಳಲ್ಲ.

ಫೋಟೋ ಓರೆಯಾಗಿ ಬಂದಿತ್ತು. ಟ್ಯೂಬ್‌ಲೈಟಿನ ಬೆಳಕು ನಡುವಿನ ಎರಡು ಸಾಲುಗಳ ಮೇಲೆ ಬಿದ್ದು ಅಕ್ಷರಗಳು ಮಸುಕಾಗಿದ್ದವು. ಹಾಳೆಯ ಬಲ ಅಂಚು ಫೋಟೋದ ಹೊರಗೇ ಉಳಿದಿತ್ತು. ಬೆರಳಿನಿಂದ ದೊಡ್ಡದು ಮಾಡಿ ಒಂದೊಂದೇ ಸಾಲು ವಹಿಯಲ್ಲಿ ಇಳಿಸಿಕೊಂಡೆ. ಮಧ್ಯಾಹ್ನ ನಾಲ್ಕಕ್ಕೆ ದೀಪಪ್ರಜ್ವಲನ. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಪಾಹುಣ್ಯಾಂಚಾ ಅಂದರೆ ಅತಿಥಿಗಳ ಪರಿಚಯ, ಮನೋಗತ, ಉಖಾಣೆ, ಆಭಾರ. ಕೊನೆಗೆ ಹಳದಿ-ಕುಂಕುಮ ಮತ್ತು ವಾಣ, ಅಂದರೆ ಬಂದ ಹೆಂಗಸರಿಗೆ ಕೊಡುವ ಸಣ್ಣ ಉಡುಗೊರೆ.

ಪರೀಕ್ಷೆ ಮಾಡೋಣವೆಂದು ಫೋಟೋವನ್ನು ಮೊಬೈಲಿನ ಅನುವಾದಕ್ಕೆ ಹಾಕಿ ನೋಡಿದೆ. ಅದು ಉಖಾಣೆಯನ್ನು ‘ಒಗಟುಗಳು’ ಎಂದಿತು. ಉಖಾಣೆ ಎಂದರೆ ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಹೇಳುವುದು. ನಮ್ಮ ಕಡೆ ಅದಕ್ಕೆ ಒಡಪು ಎನ್ನುತ್ತಾರೆ. ಅತಿಥಿ ಧಾರವಾಡ ಸೀಮೆಯವರು, ಒಗಟು ಎಂದರೆ ಒಗಟು ಬಿಡಿಸಲು ಕಾದು ಕೂತಾರು. ಮೊಬೈಲನ್ನು ಬದಿಗಿಟ್ಟು ನಾನೇ ಬರೆಯತೊಡಗಿದೆ. ಆಭಾರಕ್ಕೆ ವಂದನಾರ್ಪಣೆ, ಮನೋಗತಕ್ಕೆ ಅನಿಸಿಕೆ, ಪ್ರಾಸ್ತಾವಿಕ ಇದ್ದಂತೆಯೇ ಇರಲಿ.

ಹೆಸರುಗಳಿಗೆ ಬಂದಾಗ ಕೈ ನಿಂತಿತು. ಅಧ್ಯಕ್ಷೆಯ ಹೆಸರಿನ ಮುಂದೆ ‘ಸೌ.’ ಇತ್ತು. ಕಾರ್ಯದರ್ಶಿಯ ಹೆಸರಿನ ಮುಂದೆಯೂ ‘ಸೌ.’, ದೀಪ ಹಚ್ಚುವ ಐವರ ಮುಂದೆಯೂ ‘ಸೌ.’ ಮುಖ್ಯ ಅತಿಥಿಯ ಹೆಸರಿಗೆ ಮಾತ್ರ ‘ಶ್ರೀಮತಿ’. ಸ್ವಾಗತದ ಸಾಲಿನಲ್ಲಿ ನನ್ನ ಹೆಸರಿಗೂ ‘ಶ್ರೀಮತಿ’.

ಮರಾಠಿಯಲ್ಲಿ ಇದರ ಅರ್ಥ ಗೊತ್ತಿಲ್ಲದವರಿಲ್ಲ. ಗಂಡ ಇರುವವಳು ಸೌಭಾಗ್ಯವತಿ, ಇಲ್ಲದವಳು ಶ್ರೀಮತಿ. ನನ್ನ ಗಂಡ ತೀರಿಕೊಂಡ ಮೂರನೇ ತಿಂಗಳು ಪಕ್ಕದ ಮನೆಯ ಮುಂಜಿಯ ಆಮಂತ್ರಣ ಬಂದಿತ್ತು. ಲಕೋಟೆಯ ಮೇಲೆ ‘ಸೌ.’ ಹೋಗಿ ‘ಶ್ರೀಮತಿ’ ಬಂದಿತ್ತು. ಬರೆದವರು ಗೌರವದಿಂದಲೇ ಬರೆದಿದ್ದರು. ಆದರೂ ಆ ದಿನ ನಾನು ಮುಂಜಿಗೆ ಹೋಗಲಿಲ್ಲ. ನಾಲ್ಕು ವರ್ಷಗಳಿಂದ ಮಂಡಳದ ಹಳದಿ-ಕುಂಕುಮಕ್ಕೂ ಹೋಗಿಲ್ಲ. ಯಾರೂ ಬೇಡವೆಂದಿರಲಿಲ್ಲ, ಬಾ ಎಂದೂ ಅಂದಿರಲಿಲ್ಲ.

ಕನ್ನಡದಲ್ಲಿ ಶ್ರೀಮತಿ ಎಂದರೆ ಹಾಗಲ್ಲ. ಮದುವೆಯಾದ ಯಾವ ಹೆಂಗಸಿನ ಹೆಸರಿಗೂ ಶ್ರೀಮತಿ ಎಂದೇ ಬರೆಯುತ್ತಾರೆ, ಗಂಡ ಇದ್ದರೂ ಇಲ್ಲದಿದ್ದರೂ. ನಮ್ಮ ಲಗ್ನಪತ್ರಿಕೆಗಳಲ್ಲೂ ‘ಸೌ.’ ಉಂಟು, ಇಲ್ಲವೆನ್ನಲಾರೆ. ಆದರೆ ವೇದಿಕೆಯ ಮೇಲೆ ಸ್ವಾಗತ ಮಾಡುವಾಗ ಶ್ರೀಮತಿಯೇ ಸಹಜ. ನಾನು ಎಲ್ಲರ ಹೆಸರಿಗೂ ಅದನ್ನೇ ಬರೆದೆ. ಅಧ್ಯಕ್ಷೆ ಶ್ರೀಮತಿ, ಕಾರ್ಯದರ್ಶಿ ಶ್ರೀಮತಿ, ಅತಿಥಿ ಶ್ರೀಮತಿ. ಬರೆದು ಓದಿದಾಗ ಬಹಳ ದಿನದ ಮೇಲೆ ಒಂದು ಸಾಲಿನಲ್ಲಿ ಎಲ್ಲರ ಜೊತೆ ನಿಂತಂತೆ ಆಯಿತು. ಕೊನೆಗೆ ಒಂದು ವಾಕ್ಯ ಸೇರಿಸಿದೆ: ‘ವಂದನಾರ್ಪಣೆಯ ನಂತರ ಅರಿಷಿಣ-ಕುಂಕುಮ ಇದೆ, ಬಂದಿರುವ ಎಲ್ಲ ತಾಯಂದಿರೂ ಅಕ್ಕತಂಗಿಯರೂ ತೆಗೆದುಕೊಂಡೇ ಹೋಗಬೇಕೆಂದು ವಿನಂತಿ.’

ಆ ಕೊನೆಯ ಸಾಲು ಫೋಟೋದಲ್ಲಿ ಪೂರ್ತಿ ಇರಲಿಲ್ಲ. ‘ವಾಣ’ ಆದ ಮೇಲೆ ಒಂದು ಕಂಸ ತೆರೆದುಕೊಂಡು ಫೋಟೋ ಮುಗಿದಿತ್ತು. ಸಮಯವೋ ಜಾಗವೋ ಬರೆದಿರಬೇಕೆಂದುಕೊಂಡು, ಪೂರ್ತಿ ಹಾಳೆಯ ಇನ್ನೊಂದು ಫೋಟೋ ಕಳಿಸಲು ಕೇಳಿದೆ. ಹತ್ತು ನಿಮಿಷದಲ್ಲಿ ಬಂತು. ಕಂಸದೊಳಗೆ ಹೀಗಿತ್ತು: ಫಕ್ತ ಸುವಾಸಿನೀಂಸಾಠೀ. ಮುತ್ತೈದೆಯರಿಗೆ ಮಾತ್ರ.

ಚಹಾ ಆರಿಹೋಗಿತ್ತು. ನನ್ನನ್ನು ಸ್ವಾಗತಕ್ಕೆ ಕರೆದವರು, ಆ ಧಾರವಾಡದವರನ್ನು ಮುಖ್ಯ ಅತಿಥಿಯಾಗಿ ಕರೆದವರು, ನಮ್ಮಿಬ್ಬರಿಗೂ ಕುಂಕುಮದ ತಟ್ಟೆಯ ಹತ್ತಿರ ಜಾಗವಿಲ್ಲವೆಂದು ಅದೇ ಹಾಳೆಯಲ್ಲಿ ಬರೆದಿದ್ದರು. ಪೆನ್ನು ಎತ್ತಿ ನನ್ನ ಕೊನೆಯ ವಾಕ್ಯದ ಮೇಲೆ ಇಟ್ಟೆ. ಹೊಡೆದು ಹಾಕಲು ಮನಸ್ಸಾಗಲಿಲ್ಲ.

ಆದರೆ ಇನ್ನೊಬ್ಬರನ್ನು ಕೇಳದೆ ಜನರ ಮುಂದೆ ಇಕ್ಕಟ್ಟಿಗೆ ಸಿಕ್ಕಿಸುವುದು ಸರಿಯಲ್ಲ. ಮರುದಿನ ಸಂಜೆ ಪರಿಚಯದ ವಿವರ ಕೇಳುವ ನೆಪದಲ್ಲಿ ಅತಿಥಿಯ ಮನೆಗೆ ಹೋದೆ. ನಮ್ಮದೇ ಸೊಸೈಟಿಯ ಹಿಂದಿನ ಕಟ್ಟಡಕ್ಕೆ ಈಚೆಗೆ ಬಂದು ಮಗಳ ಜೊತೆ ಇದ್ದರು. ಧಾರವಾಡದ ಸುತ್ತಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದ ಸರಕಾರಿ ನರ್ಸು. ಅವರ ಇಪ್ಪತ್ತಾರನೇ ವಯಸ್ಸಿಗೇ ಗಂಡ ತೀರಿಹೋಗಿದ್ದ. ನಾನು ಮೊದಲು ಭಾಷಣ ಓದಿದೆ, ಆಮೇಲೆ ಮೊಬೈಲಿನಲ್ಲಿ ಕಂಸದ ಸಾಲು ತೋರಿಸಿ ಅರ್ಥ ಹೇಳಿದೆ. ಬೇಡವೆಂದರೆ ವಾಕ್ಯ ತೆಗೆಯುತ್ತೇನೆ ಎಂದೆ.

ಅವರು ತಮ್ಮ ಎರಡೂ ಕೈಗಳನ್ನು ನನ್ನ ಮುಂದೆ ಹಿಡಿದರು. “ಕೂಸು ಹೊರಗ ಬರೂತನಾ ಈ ಕೈ ಬೇಕಾಗಿತ್ರೀ ಎಲ್ಲಾರಿಗೂ” ಎಂದರು. “ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕೂ ಮುಂದ, ಸಿಸ್ಟರ್, ನೀವು ಸ್ವಲ್ಪ ಹಿಂದ ಸರೀರಿ ಅಂತಿದ್ರು. ನಾನೂ ಸರೀತಿದ್ದೆ.”

“ಹಂಗಾರ ಏನ್ ಮಾಡ್ಲಿ?” ಎಂದು ಕೇಳಿದೆ.

“ನೀವು ಕರೀರಿ. ಬರೂದು ಬಿಡೂದು ನಾ ನೋಡ್ಕೋತೀನಿ.”

ಕಾರ್ಯಕ್ರಮದ ಹಿಂದಿನ ದಿನ ಕಾರ್ಯದರ್ಶಿ ನನ್ನ ಭಾಷಣ ಕೇಳಲು ಮನೆಗೆ ಬಂದಳು. ಅವಳಿಗೆ ಕನ್ನಡ ಬಾರದು. ಆದರೂ ಎರಡನೇ ಸಾಲಿಗೇ ಕೈ ಎತ್ತಿದಳು. ಅಧ್ಯಕ್ಷೆಗೆ ಶ್ರೀಮತಿ ಎಂದಿರಲ್ಲ, ಅವರ ಯಜಮಾನರು ಗಟ್ಟಿಮುಟ್ಟಾಗಿದ್ದಾರೆ, ಸಭೆಯಲ್ಲಿ ಕೇಳಿದವರು ಏನೆಂದುಕೊಂಡಾರು ಎಂದು ಗಾಬರಿಯಾದಳು. ಕನ್ನಡದಲ್ಲಿ ಆ ಶಬ್ದ ಎಲ್ಲರಿಗೂ ಹಾಕುತ್ತಾರೆಂದು ವಿವರಿಸಿದೆ. ಕೇಳುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮರಾಠಿಯವರು ವಹಿನಿ, ‘ಸೌ.’ ಅಂತಲೇ ಅನ್ನಿ ಎಂದಳು. ನಾನು ಒಪ್ಪಲಿಲ್ಲ. ಭಾಷಣ ಕನ್ನಡದ್ದು ಎಂದೆ.

ಉಳಿದದ್ದನ್ನು ಮುಚ್ಚಿಡುವುದೂ ಬೇಡವೆನಿಸಿತು. ಕೊನೆಯ ವಾಕ್ಯವನ್ನು ಮರಾಠಿಯಲ್ಲಿ ಹೇಳಿದೆ. ಅವಳ ಮುಖ ಬಾಡಿತು. ಕೆಟ್ಟ ಹೆಂಗಸಲ್ಲ ಅವಳು. ನನ್ನ ಗಂಡ ಆಸ್ಪತ್ರೆಯಲ್ಲಿದ್ದಾಗ ಹದಿನೈದು ದಿನ ನನಗೆ ಊಟದ ಡಬ್ಬಿ ಕಳಿಸಿದವಳು. ಆ ಕಂಸ ತಾನಾಗಿ ಬರೆದದ್ದಲ್ಲ, ಅಧ್ಯಕ್ಷೆ ಹೇಳಿ ಬರೆಸಿದ್ದು ಎಂದಳು. ಹಿರಿಯರು ನೊಂದುಕೊಳ್ಳುತ್ತಾರೆ, ಆ ಒಂದು ವಾಕ್ಯ ಬಿಟ್ಟುಬಿಡಿ ಎಂದು ಬೇಡಿಕೊಂಡಳು.

“ವಾಕ್ಯ ಬಿಟ್ಟರೆ ನಾನೂ ಬರುವುದಿಲ್ಲ” ಎಂದೆ ಮರಾಠಿಯಲ್ಲಿ. “ಸ್ವಾಗತ ಅಂದ ಮೇಲೆ ಬಂದವರನ್ನೆಲ್ಲ ಸ್ವಾಗತಿಸಬೇಕು. ಅರ್ಧ ಜನಕ್ಕೆ ಮಾಡಲು ನನಗೆ ಬರುವುದಿಲ್ಲ.”

ಅವಳು ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತ, ನಿಮಗೆ ಸರಿ ಕಂಡಂತೆ ಮಾಡಿ ಎಂದಷ್ಟೇ ಹೇಳಿ ಹೋದಳು. ಬೇರೆ ಯಾರನ್ನಾದರೂ ಹುಡುಕಿಯಾಳೆಂದುಕೊಂಡಿದ್ದೆ. ಹುಡುಕಲಿಲ್ಲ.

ಮರುದಿನ ಸೊಸೈಟಿಯ ಹಾಲ್‌ನಲ್ಲಿ ಎಪ್ಪತ್ತು ಜನರಾದರೂ ಸೇರಿದ್ದರು, ಹೆಚ್ಚಿನವರು ಕಪ್ಪು ಸೀರೆಯಲ್ಲಿ. ಇಲ್ಲಿ ಸಂಕ್ರಾಂತಿಗೆ ಕಪ್ಪು ಉಡುತ್ತಾರೆ. ಐವರು ದೀಪ ಹಚ್ಚಿದರು, ನನ್ನನ್ನು ಕರೆದರು. ಕಾಗದ ಬಿಚ್ಚಿ ಓದತೊಡಗಿದೆ. ಒಬ್ಬೊಬ್ಬರ ಹೆಸರಿನ ಮುಂದೆಯೂ ಶ್ರೀಮತಿ ಎಂದೆ. ಅಧ್ಯಕ್ಷೆ ತಲೆ ಎತ್ತಿ ನೋಡಿದರು. ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ನಾನು ಆತುರ ಮಾಡದೆ ಕಾರ್ಯಕ್ರಮದ ಕ್ರಮ ಹೇಳಿದೆ. ಒಡಪು ಎಂದಾಗ ಅತಿಥಿ ನಕ್ಕರು. ಕೊನೆಯ ವಾಕ್ಯಕ್ಕೆ ಬಂದು, ಎಲ್ಲ ತಾಯಂದಿರೂ ಎನ್ನುವಲ್ಲಿ ಸ್ವಲ್ಪ ನಿಂತು, ಮತ್ತೊಮ್ಮೆ ಹೇಳಿದೆ. ಕನ್ನಡ ತಿಳಿದ ಹದಿನೈದಿಪ್ಪತ್ತು ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಉಳಿದವರು ಸಭ್ಯತೆಗೆ ಚಪ್ಪಾಳೆ ತಟ್ಟಿದರು.

ವಂದನಾರ್ಪಣೆ ಮುಗಿದು ಬಾಗಿಲ ಹತ್ತಿರ ಸಾಲು ಹತ್ತಿತು. ಕುಂಕುಮದ ತಟ್ಟೆ ಹಿಡಿದು ನಿಂತವಳು ನಮ್ಮ ಕಟ್ಟಡದ ಉಡುಪಿ ಕಡೆಯ ಹೆಂಗಸು, ಮನೆಯವರದು ಹೋಟೆಲು. ಪಕ್ಕದಲ್ಲಿ ವಾಣ ಹಂಚಲು ಕಾರ್ಯದರ್ಶಿ. ಅತಿಥಿ ವೇದಿಕೆಯಿಂದ ಇಳಿದು ಸೀದಾ ಬಂದು ಸಾಲಿನಲ್ಲಿ ನಿಂತರು. ನಾನು ಅವರ ಹಿಂದೆ ನಿಂತೆ. ಸರದಿ ಬಂತು. ತಟ್ಟೆಯವಳ ಬೆರಳು ಕುಂಕುಮದಲ್ಲೇ ನಿಂತಿತು. ಅವಳು ಕಾರ್ಯದರ್ಶಿಯನ್ನು ನೋಡಿದಳು. ಕಾರ್ಯದರ್ಶಿ ವಾಣಕ್ಕೆಂದು ತಂದ ಚಹಾ ಸೋಸುವ ಸ್ಟೀಲ್ ಜಾಲರಿಗಳನ್ನು ಎಣಿಸುವವಳಂತೆ ತಲೆ ತಗ್ಗಿಸಿದಳು.

“ನೀವೇ ಎಲ್ಲರಿಗೂ ಅಂದ್ರಲ್ಲ ಅಕ್ಕ, ನಾನು ಕೇಳಿದ್ದೇನೆ” ಎಂದಳು ತಟ್ಟೆಯವಳು ನನ್ನ ಕಡೆ ತಿರುಗಿ. ಮತ್ತೆ ಅತಿಥಿಗೆ, “ಬನ್ನಿ ಅಮ್ಮ” ಎಂದು ಹಣೆಗೆ ಹಚ್ಚಿದಳು. ಅತಿಥಿ ಕಣ್ಣು ಮುಚ್ಚಲಿಲ್ಲ. ನೆಟ್ಟಗೆ ನಿಂತು ಹಚ್ಚಿಸಿಕೊಂಡರು, ತಾವೂ ಚಿಟಿಕೆ ಕುಂಕುಮ ತೆಗೆದು ಅವಳ ಹಣೆಗೆ ಹಚ್ಚಿದರು. ಆಮೇಲೆ ನನ್ನ ಸರದಿ. ಕಾರ್ಯದರ್ಶಿ ಇಬ್ಬರ ಕೈಗೂ ಜಾಲರಿ ಇಟ್ಟಳು.

ತಿರುಗಿ ನೋಡಿದರೆ, ಪ್ರತಿವರ್ಷ ಈ ಹೊತ್ತಿಗೆ ಒಳಗೆ ಕಪ್ಪು-ಬಸಿ ತೊಳೆಯುತ್ತ ನಿಲ್ಲುವ ಮೊದಲ ಮಹಡಿಯ ಮರಾಠಿ ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಸಾಲಿನ ಕೊನೆಯಲ್ಲಿದ್ದರು. ನಾನು ಕನ್ನಡದಲ್ಲಿ ಹೇಳಿದ್ದನ್ನು ಅವರಿಗೆ ಯಾರು ತಿಳಿಸಿದರೋ. ಎಲ್ಲರೂ ಒಪ್ಪಲಿಲ್ಲ. ನಾಲ್ಕೈದು ಜನ ಸಾಲು ಬಿಟ್ಟು ಮನೆಗೆ ಹೋದರು, ಅಧ್ಯಕ್ಷೆ ಅವರ ಜೊತೆಗೇ ಹೋದರು.

ಎರಡು ದಿನದ ಮೇಲೆ ಲಿಫ್ಟಿನಲ್ಲಿ ಅಧ್ಯಕ್ಷೆ ಸಿಕ್ಕರು. ಮುಂದಿನ ಕಾರ್ಯಕ್ರಮಗಳಲ್ಲಿ ಸ್ವಾಗತ ಮರಾಠಿಯಲ್ಲಿ ಮಾತ್ರ ಎಂದರು.

“ಆಗಲಿ” ಎಂದೆ. “ನನಗೆ ಮರಾಠಿಯೂ ಬರುತ್ತದೆ. ಅದರಲ್ಲೂ ಎಲ್ಲರನ್ನೂ ಕರೆಯುತ್ತೇನೆ.”

ನನ್ನ ಮಹಡಿ ಬಂತು, ಇಳಿದೆ.