ಖಾಲಿ ಬಂಗಲೆಗೆ ಅತ್ತೆ ಹಾಕಿದ ಕೂಗು

ಲ್ಯಾಪ್‌ಟಾಪಿನ ಪರದೆಯಲ್ಲಿದ್ದ ಖಾಲಿ ಬಂಗಲೆಯ ಮೆಟ್ಟಿಲ ಬಳಿಗೆ ನಾನು ಬಂದಾಗ, ಮಹಡಿಯಲ್ಲಿ ಯಾರೋ ನಾಲ್ಕು ಹೆಜ್ಜೆ ಇಟ್ಟು ನಿಂತ ಸದ್ದಾಯಿತು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆಯ ಕೈಯೂ ನಿಂತಿತು.

ಎದೆ ಡವಡವ ಅನ್ನುವುದು ನನಗಿಷ್ಟ. ಆದರೆ ಫಕ್ಕನೆ ಮುಖದ ಮೇಲೆ ಹಾರುವ ಭೂತ, ರಕ್ತ ಇವೆಲ್ಲ ಆಗುವುದಿಲ್ಲ. ಅದಕ್ಕೇ ಆಡಿದವರ ಅಭಿಪ್ರಾಯಗಳನ್ನೆಲ್ಲ ಓದಿ ಈ ಗೇಮ್ ಆರಿಸಿದ್ದೆ. ಇದರಲ್ಲಿ ಅಟ್ಟಿಸಿಕೊಂಡು ಬರುವವರಿಲ್ಲ, ಸಾಯುವುದೂ ಇಲ್ಲ. ಟಾರ್ಚ್ ಹಿಡಿದು ಕೋಣೆ ಕೋಣೆ ಸುತ್ತಿ, ಮನೆಯವರು ಬಿಟ್ಟುಹೋದ ಪತ್ರಗಳನ್ನು ಓದಬೇಕು, ಅಷ್ಟೆ. ಹೆದರಿಸುವುದೆಲ್ಲ ಸದ್ದು. ಎಡಗಡೆ ಹಲಗೆ ಕಿರುಗುಟ್ಟುತ್ತದೆ, ತಿರುಗಿದರೆ ಯಾರೂ ಇರುವುದಿಲ್ಲ.

“ಯಾರೂ ಬರಕಿಲ್ಲ ಅತ್ತೆ, ಬರೀ ಸದ್ದು,” ಎಂದೆ.

ಅತ್ತೆ ಒಪ್ಪಲಿಲ್ಲ. ಪಾಂಡವಪುರದ ನಮ್ಮ ಬೀದಿಯಲ್ಲಿ ಕೂಗದೆ ಯಾರೂ ಇನ್ನೊಬ್ಬರ ಮನೆಯೊಳಗೆ ಕಾಲಿಡುವುದಿಲ್ಲ. “ಕೂಗ್ದೆ ಅಂಗೇ ನುಗ್ತಾರೇನವ್ವ?” ಎಂದು ನನ್ನನ್ನು ಗದರಿ, ಪರದೆಯತ್ತ ಬಾಗಿ ಕೂಗಿದರು: “ಯಾರವ್ವ ಅಲ್ಲಿ?”

“ನಾನು ಕಣಕ್ಕ,” ಎಂದು ಉತ್ತರ ಬಂತು.

ಅವರೆಕಾಯಿ ಮೊರ ನೆಲಕ್ಕೆ ಬಿತ್ತು. ಅತ್ತೆ ನನ್ನನ್ನು ತಬ್ಬಿಕೊಂಡರು, ನಾನು ಅವರನ್ನು. ನಮ್ಮ ಬೆನ್ನ ಹಿಂದೆ, ಹೊಸಿಲಾಚೆ, ಪಕ್ಕದ ಮನೆಯ ಜಯಮ್ಮ ಮಜ್ಜಿಗೆ ಚೊಂಬು ಹಿಡಿದು ಬೆಪ್ಪಾಗಿ ನಿಂತಿದ್ದರು. ಮೂವರೂ ಕಾಳು ಆಯುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಅವತ್ತು ನಾನು ಆ ಮಹಡಿ ಹತ್ತಲಿಲ್ಲ; ತಾವಿಲ್ಲದಾಗ ಹತ್ತಕೂಡದೆಂದು ಅತ್ತೆಯ ಅಪ್ಪಣೆ. ಈಗ ಭಾನುವಾರ ಮಧ್ಯಾಹ್ನ ಗೇಮ್ ಹಾಕುವ ಮೊದಲೇ ಅವರು ಜಯಮ್ಮನನ್ನು ಕರೆತಂದು ಕೂರಿಸಿ, ಮುಂಬಾಗಿಲಿಗೆ ಚಿಲಕ ಹಾಕುತ್ತಾರೆ.