ಓದ್ರಾ ಕನ್ನಡ ಬಳಗದ ಮುಖ್ಯ ಸದಸ್ಯ

ಪರದೇಶದಲ್ಲಿ, ಓದ್ರಾ ನದಿಯ ದಡದ ವ್ರೊತ್ಸ್ವಾಫ್ ಊರಿನ ಓದ್ರಾ ಕನ್ನಡ ಬಳಗಕ್ಕೆ ಒಂದು ಜಾಲತಾಣವಿದೆ. ಅದನ್ನು ಕಟ್ಟಿದವಳು, ಆರು ವರ್ಷದಿಂದ ಸಾಕಿದವಳು ಶಶಿರೇಖಾ. ಹೊಸಬರು ಸದಸ್ಯರಾಗುವುದು ಅಲ್ಲೇ, ಯುಗಾದಿ, ರಾಜ್ಯೋತ್ಸವಗಳ ಪುಟ ತೆರೆಯುವುದು ಅಲ್ಲೇ. ಫೋನಿನಲ್ಲಿ ಬ್ಯಾಂಕು ಕೊಡುವ ಆರಂಕಿಯ ಕೋಡ್ ಹಾಕಿ, ಅಲ್ಲಿನ ಹಣವಾದ ಝ್ಲೋಟಿಯಲ್ಲಿ ಶುಲ್ಕ ಕಟ್ಟಿದರೆ ರಸೀದಿ ಬರುವುದೂ ಅಲ್ಲಿಂದಲೇ. ಹಣ ಕಡಿತವಾಗಿ ರಸೀದಿ ಬರದಿದ್ದರೆ ಜನ ಬೈಯುವುದು ಮಾತ್ರ ಇವಳನ್ನು.

ಹೋದ ರಾಜ್ಯೋತ್ಸವದಲ್ಲಿ ಅಧ್ಯಕ್ಷ ಚಂದ್ರಮೌಳಿ ವೇದಿಕೆ ಮೇಲೆ ನಿಂತು, ಜಾಲತಾಣ ನೋಡಿಕೊಂಡದ್ದಕ್ಕೆ "ಉಮಾಪತಿ ಮತ್ತು ಕುಟುಂಬ"ಕ್ಕೆ ಧನ್ಯವಾದ ಹೇಳಿದ. ಉಮಾಪತಿ, ಅಂದರೆ ಅವಳ ಗಂಡ, ಎದ್ದು ಕೈಮುಗಿದ. ಪಾಸ್‌ವರ್ಡ್ ಮರೆತಾಗಲೆಲ್ಲ ಹೆಂಡತಿಯನ್ನು ಕೂಗುವ ಮಹಾರಾಯ! ಶಶಿರೇಖಾಗೆ ಮೈಯೆಲ್ಲ ಉರಿಯಿತು. ಈ ಸಲ ಅಧ್ಯಕ್ಷ ಸ್ಥಾನಕ್ಕೆ ತಾನೇ ನಿಲ್ಲುವುದೆಂದು ಅವಳು ಅಂದೇ ತೀರ್ಮಾನಿಸಿದಳು.

ನಾಮಪತ್ರಕ್ಕೆ ಆ ಭಾನುವಾರ ಸಂಜೆ ಆರು ಗಂಟೆಯೇ ಕೊನೆ. ಮಧ್ಯಾಹ್ನ ಊಟ ಮುಗಿಸಿ ಅರ್ಜಿ ತುಂಬಿದರೆ ಜಾಲತಾಣ ಅವಳನ್ನೇ ತಡೆಯಿತು. "ಮುಖ್ಯ ಸದಸ್ಯರು ಮಾತ್ರ ಅರ್ಜಿ ಸಲ್ಲಿಸಬಹುದು." ಸಮಿತಿ ಹೇಳಿದ ನಿಯಮ, ಅವಳೇ ಟೈಪು ಮಾಡಿದ ವಾಕ್ಯ. ಆರು ವರ್ಷದ ಹಿಂದೆ ಕುಟುಂಬ ಸದಸ್ಯತ್ವ ಮಾಡಿಸುವಾಗ ಮುಖ್ಯ ಸದಸ್ಯ ಅನ್ನುವಲ್ಲಿ ಗಂಡನ ಹೆಸರು, ಸಂಗಾತಿ ಅನ್ನುವಲ್ಲಿ ತನ್ನ ಹೆಸರು ಹಾಕಿದ್ದಳು. ಯೋಚಿಸಿ ಹಾಕಿದ್ದಲ್ಲ, ರೂಢಿ. ಹೊಸದಾಗಿ ಒಂಟಿ ಸದಸ್ಯೆಯಾಗೋಣವೆಂದರೆ, ವರ್ಷ ತುಂಬದವರು ಚುನಾವಣೆಗೆ ನಿಲ್ಲುವಂತಿಲ್ಲ.

ಇನ್ನೊಂದೇ ದಾರಿ. ಹೆಸರುಗಳನ್ನು ಅದಲುಬದಲು ಮಾಡಲು ಕೋರಿಕೆ ಹಾಕಿದರೆ ಈಗಿನ ಮುಖ್ಯ ಸದಸ್ಯನಿಗೆ ಮೇಲ್ ಹೋಗುತ್ತದೆ, ಅವನು ಅದರಲ್ಲಿ "ಒಪ್ಪಿದೆ" ಒತ್ತಬೇಕು. ಕೋರಿಕೆ ಹಾಕಿ ಕಾದಳು. ಟ್ರಾಮ್ ಹಾದು ಹೋದಾಗಲೆಲ್ಲ ಕಿಟಕಿ ಗಾಜು ನಡುಗುತ್ತಿತ್ತು. ಐದು ಗಂಟೆಯಾದರೂ ಒಪ್ಪಿಗೆ ಬರಲಿಲ್ಲ. ಉಮಾಪತಿ ಪಕ್ಕದ ಕೋಣೆಯಲ್ಲೇ ಫೋನ್ ಹಿಡಿದು ಕೂತಿದ್ದ.

"ಏನ್ರೀ, ಮೇಲ್ ನೋಡಿದ್ರಾ?"

"ನೋಡ್ದೆ."

"ಮತ್ತೆ?"

"ಚಂದ್ರಮೌಳಿ ಫೋನ್ ಮಾಡಿದ್ದ. ಯಾರೂ ನಿಂತಿಲ್ಲ, ಅವಿರೋಧವಾಗಿ ಆಗ್ತೀನಿ ಅಂತ ಖುಷಿಯಾಗಿದಾನೆ. ನಾನ್ ಹೆಂಗ್ ಹೇಳ್ಲಿ? ದಿನಾ ಒಂದೇ ಕಾರಲ್ಲಿ ಫ್ಯಾಕ್ಟರಿಗೆ ಹೋಗೋರು ನಾವು. ಅವ್ನಿಗೆ ಮುಖ ಹೆಂಗ್ ತೋರಿಸ್ಲಿ?"

"ನಿಲ್ಲೋಳು ನಾನು. ನಿಮ್ಮ ಮುಖಕ್ಕೇನಾಗ್ತದೆ?"

ಅವನು ದನಿ ತಗ್ಗಿಸಿದ. "ಅಲ್ವೇ, ಎಲ್ಲಾ ಕೀಲೀನೂ ನಿನ್ ಹತ್ರಾನೇ ಐತಲ್ಲ? ನೀನೇ ಒಳಗಿಂದ ಬದಲಾಯಿಸ್ಕೊ. ನಾ ಒತ್ತಿದೆ ಅಂತ ಆಗ್ಬಾರ್ದು, ಅಷ್ಟೇ."

ಶಶಿರೇಖಾ ದಂಗಾದಳು. ನಿಜ, ನಿರ್ವಾಹಕಿಯಾಗಿ ಅವಳು ಯಾರ ಹೆಸರನ್ನು ಬೇಕಾದರೂ ಬದಲಿಸಬಲ್ಲಳು.

"ನಾ ಒತ್ತಿದ್ರೆ ಅದು ಕಳ್ಳತನ ಕಣ್ರೀ. ಜಾಲತಾಣ ಕೈಲಿದೆ ಅಂತ ತಿದ್ದಿಕೊಂಡ್ಳು ಅಂತಾರೆ. ನೀವು ಒತ್ತಿದ್ರೆ ಒಪ್ಪಿಗೆ. ನಿಮ್ಮ ಮರ್ಯಾದೆ ಉಳೀಲಿ ಅಂತ ನಾನು ಕಳ್ಳಿ ಆಗ್ಬೇಕಾ?"

"ಬಿಡೆ, ಇಷ್ಟು ದೊಡ್ಡದು ಮಾಡ್ತೀಯ."

ಅವಳು ತಿರುಗಿ ಬಂದು ಕಂಪ್ಯೂಟರ್ ಮುಂದೆ ಕೂತಳು. ಬದಲಾವಣೆಯ ಗುಂಡಿ ಕಣ್ಣೆದುರಿಗೇ ಇತ್ತು. ಒತ್ತಿಬಿಡಲೇ ಅಂತ ಬೆರಳು ತವಕಿಸಿತು, ಸುಳ್ಳು ಹೇಳಬಾರದು. ಅವಳು ಬೆರಳನ್ನು ಮುಷ್ಟಿಯೊಳಗೆ ಹಿಡಿದು ಪಕ್ಕದ ಕೋಣೆಯ ಕಡೆ ಕಿವಿಗೊಟ್ಟಳು. ಕುರ್ಚಿ ಸರಿದ ಸದ್ದು ಒಮ್ಮೆ ಬಂತು, ನೀರು ಕುಡಿದ ಸದ್ದು ಬಂತು. ಆರು ಹೊಡೆಯಿತು. ನಾಮಪತ್ರದ ಪುಟ ತಾನಾಗಿ ಮುಚ್ಚಿಕೊಂಡಿತು. ಅವಳು ನಿರ್ವಾಹಕರ ಪಟ್ಟಿ ತೆರೆದಳು.

ಸ್ವಲ್ಪ ಹೊತ್ತಿಗೆ ಉಮಾಪತಿ ನಿರಾಳವಾಗಿ ಬಂದ. "ಮುಂದಿನ್ ಸಲ ನೋಡೋಣ ಬಿಡು. ಚಂದ್ರಮೌಳಿ ಕೇಳ್ತಿದ್ದ, ಯುಗಾದಿ ಪುಟ ಇವತ್ತೇ ತೆರೀಬೇಕಂತೆ. ಊಟದ ಶುಲ್ಕ ಹಾಕ್ತೀಯಲ್ಲ?"

"ನೀವೇ ಹಾಕ್ರಿ. ಮುಖ್ಯ ಸದಸ್ಯರು ನೀವಲ್ವಾ? ನಿಮ್ಮನ್ನೇ ನಿರ್ವಾಹಕರಾಗಿ ಮಾಡಿದೀನಿ, ನನ್ನ ಹೆಸರು ತೆಗೆದಿದೀನಿ."

"ಏನೇ ಇದು? ನಂಗೇನ್ ಗೊತ್ತಾಗ್ತದೆ?"

ಅವಳು ಎಲ್ಲ ಸದಸ್ಯರಂತೆ ಹೊರಗಿನಿಂದ ತನ್ನ ಖಾತೆಗೆ ಹೋದಳು. ಒಂದೇ ಮೇಲ್ ವಿಳಾಸಕ್ಕೆ ಎರಡು ಸದಸ್ಯತ್ವ ಸಿಗುವುದಿಲ್ಲವಾದ್ದರಿಂದ ಮೊದಲು ಹಳೆಯದರಿಂದ ಹೊರಬರಬೇಕು. ಸಂಗಾತಿ ಮುಖ್ಯರಾಗಲು ಗಂಡನ ಒಪ್ಪಿಗೆ ಬೇಕಿತ್ತು, ಬಿಟ್ಟು ಹೋಗಲು ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಬಿಟ್ಟಳು. ಒಂಟಿ ಸದಸ್ಯತ್ವದ ಅರ್ಜಿ ತುಂಬಿ, ತನ್ನ ಫೋನಿನ ಕೋಡ್ ಹಾಕಿ ಶುಲ್ಕ ಕಟ್ಟಿದಳು. ವರ್ಷ ತುಂಬಲಿ, ಆಗ ಯಾರನ್ನೂ ಕೇಳಬೇಕಿಲ್ಲ.

ಉಮಾಪತಿಯ ಕೈಲಿದ್ದ ಫೋನ್ ಗುಂಯ್ ಎಂದಿತು. ಬಳಗದಿಂದ ಮೇಲ್ ಬಂದಿತ್ತು. ಅವನು ಓದಿದ, ಮತ್ತೆ ಓದಿದ, ಹೆಂಡತಿಯ ಬೆನ್ನು ನೋಡಿದ.

"ಮಾನ್ಯರೇ, ನಿಮ್ಮ ಕುಟುಂಬ ಸದಸ್ಯತ್ವದಲ್ಲಿ ಈಗ ಒಬ್ಬರೇ ಇದ್ದಾರೆ."